₹19.90ರಲ್ಲಿ ಎರಡು ಪೈಸೆ: ಒಕ್ಕೂಟದ ಅಧಿಕಾರ ಹಂಚಿಕೆಯನ್ನು ಪೆಟ್ರೋಲ್ ಲೆಕ್ಕದಲ್ಲಿ ಓದುವುದು

2022ರ ಮೇ 22ರಿಂದ 2025ರ ಏಪ್ರಿಲ್ ಮೊದಲ ವಾರದವರೆಗೆ ದೇಶದ ಯಾವ ಬಂಕಿನಲ್ಲಿ ಒಂದು ಲೀಟರ್ ಪೆಟ್ರೋಲ್ ಹಾಕಿಸಿದರೂ ಅದರ ಬೆಲೆಯೊಳಗೆ ಕೇಂದ್ರ ಸರ್ಕಾರದ ಎಕ್ಸೈಸ್ ಸುಂಕ ₹19.90 ಇರುತ್ತಿತ್ತು. ಕೇಂದ್ರದ ತೆರಿಗೆಯಲ್ಲಿ ಶೇ 41ರಷ್ಟು ರಾಜ್ಯಗಳಿಗೆ ಹೋಗುತ್ತದೆ ಎಂದು ರಾಜ್ಯಶಾಸ್ತ್ರದ ಪ್ರತಿ ವಿದ್ಯಾರ್ಥಿಯೂ ಓದಿರುತ್ತಾನೆ. ಆ ಲೆಕ್ಕದಲ್ಲಿ ಪ್ರತಿ ಲೀಟರಿಗೆ ₹8.16 ರಾಜ್ಯಗಳಿಗೆ ಸಿಗಬೇಕು. ಸಿಕ್ಕಿದ್ದು 57 ಪೈಸೆ, ಅದೂ ಎಲ್ಲ 28 ರಾಜ್ಯಗಳಿಗೂ ಸೇರಿ. ಅದರಲ್ಲಿ ಕರ್ನಾಟಕದ ಪಾಲು ಎರಡು ಪೈಸೆಗಿಂತ ಚೂರು ಹೆಚ್ಚು.

ಇದರಲ್ಲಿ ಯಾರೂ ಕಾನೂನು ಮುರಿದಿಲ್ಲ. ₹8.16 ಎಂಬ ನಿರೀಕ್ಷೆಗೂ 57 ಪೈಸೆ ಎಂಬ ವಾಸ್ತವಕ್ಕೂ ನಡುವಿನ ಅಂತರ ಸಂವಿಧಾನದ ಒಂದು ವಿಧಿಯ ಒಳಗೇ ಇದೆ. ಭಾರತದ ಒಕ್ಕೂಟ ವ್ಯವಸ್ಥೆಯಲ್ಲಿ ಅಧಿಕಾರ ನಿಜವಾಗಿ ಎಲ್ಲಿ ಹಂಚಿಕೆಯಾಗಿದೆ ಎಂದು ತಿಳಿಯಬೇಕಾದರೆ ಮೂರು ಪಟ್ಟಿಗಳ ವಿಷಯಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಅಂತರವನ್ನು ಪೈಸೆ ಪೈಸೆಯಾಗಿ ಬಿಡಿಸಿ ನೋಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಪಟ್ಟಿ ಹೇಳುವುದು, ಹೇಳದಿರುವುದು

ಸಂವಿಧಾನದ 246ನೇ ವಿಧಿ ಮತ್ತು ಏಳನೇ ಅನುಸೂಚಿ ಶಾಸನ ರಚಿಸುವ ಅಧಿಕಾರವನ್ನು ಮೂರು ಪಟ್ಟಿಗಳಲ್ಲಿ ಹಂಚುತ್ತವೆ. 1950ರಲ್ಲಿ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ನಮೂದುಗಳಿದ್ದವು. 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣ, ಅರಣ್ಯ, ವನ್ಯಜೀವಿ ರಕ್ಷಣೆ, ತೂಕ ಮತ್ತು ಅಳತೆ, ಅಧೀನ ನ್ಯಾಯಾಲಯಗಳ ರಚನೆ ಎಂಬ ಐದು ವಿಷಯಗಳು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋದವು. ಸಮವರ್ತಿ ವಿಷಯದಲ್ಲಿ ಎರಡು ಕಾಯ್ದೆಗಳು ಡಿಕ್ಕಿಯಾದರೆ 254ನೇ ವಿಧಿಯ ಪ್ರಕಾರ ಸಾಮಾನ್ಯವಾಗಿ ಸಂಸತ್ತಿನ ಕಾಯ್ದೆಯೇ ನಿಲ್ಲುತ್ತದೆ. ಪರೀಕ್ಷೆಯ ಉತ್ತರ ಹೆಚ್ಚಾಗಿ ಇಲ್ಲಿಗೆ ಮುಗಿಯುತ್ತದೆ.

ಆದರೆ ತೆರಿಗೆಯ ವಿಷಯ ಬಂದಾಗ ಈ ಅನುಸೂಚಿ ಬೇರೆಯದೇ ರೀತಿಯಲ್ಲಿ ಕೆಲಸ ಮಾಡುತ್ತದೆ. ಸಂವಿಧಾನ ರಚಿಸಿದವರು ತೆರಿಗೆ ಹಾಕುವ ಅಧಿಕಾರವನ್ನು ಸಮವರ್ತಿ ಪಟ್ಟಿಯಿಂದ ಬಹುಮಟ್ಟಿಗೆ ದೂರ ಇಟ್ಟರು. ಆದಾಯ ತೆರಿಗೆ, ಕಂಪನಿ ತೆರಿಗೆ, ಆಮದು ಸುಂಕ, ತಯಾರಿಕೆಯ ಮೇಲಿನ ಎಕ್ಸೈಸ್ ಸುಂಕ ಕೇಂದ್ರಕ್ಕೆ ಬಂದವು. ಸರಕು ಮಾರಾಟದ ತೆರಿಗೆ, ಮದ್ಯದ ಅಬಕಾರಿ, ಭೂಕಂದಾಯ, ವಾಹನ ತೆರಿಗೆ ರಾಜ್ಯಕ್ಕೆ ಹೋದವು. ಬೇಗ ಬೆಳೆಯುವ, ಒಂದೇ ಕಡೆ ಕೂತು ವಸೂಲಿ ಮಾಡಬಹುದಾದ ತೆರಿಗೆಗಳು ಕೇಂದ್ರದ ಕಡೆ ಸೇರಿದವು. ಪೊಲೀಸ್, ಆಸ್ಪತ್ರೆ, ಕೃಷಿ, ನೀರಾವರಿ, ಸ್ಥಳೀಯ ಆಡಳಿತದಂಥ ಖರ್ಚಿನ ಬಾಬ್ತುಗಳು ರಾಜ್ಯದ ಕಡೆ ಉಳಿದವು. 15ನೇ ಹಣಕಾಸು ಆಯೋಗ ತನ್ನ ವರದಿಯಲ್ಲಿ ಕೊಟ್ಟಿರುವ ಲೆಕ್ಕ ನೋಡಿ: 2018–19ರಲ್ಲಿ ಎರಡೂ ಮಟ್ಟದ ಸರ್ಕಾರಗಳು ಸೇರಿ ಸಂಗ್ರಹಿಸಿದ ಸಂಪನ್ಮೂಲದಲ್ಲಿ ಶೇ 62.7ರಷ್ಟು ಕೇಂದ್ರದ್ದು. ಒಟ್ಟು ವೆಚ್ಚದಲ್ಲಿ ಶೇ 62.4ರಷ್ಟು ರಾಜ್ಯಗಳದ್ದು. ವರಮಾನ ಒಂದು ಕಡೆ, ಖರ್ಚು ಇನ್ನೊಂದು ಕಡೆ.

ಈ ಅಸಮತೋಲ ಅರಿಯದೆ ಆದದ್ದಲ್ಲ. ಅದನ್ನು ಸರಿತೂಗಿಸಲೆಂದೇ ಸಂವಿಧಾನದಲ್ಲಿ 270ನೇ ವಿಧಿ ಇದೆ. ಹಂಚಿಕೆಯ ಪ್ರಮಾಣ ಹೇಳಲು 280ನೇ ವಿಧಿಯಡಿ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ನೇಮಕವಾಗುತ್ತದೆ. ಮೊದಲಿಗೆ ಆದಾಯ ತೆರಿಗೆ ಮತ್ತು ಕೇಂದ್ರ ಎಕ್ಸೈಸ್ ಸುಂಕ ಮಾತ್ರ ಹಂಚಿಕೆಯಾಗುತ್ತಿದ್ದವು; ಕಂಪನಿ ತೆರಿಗೆಯಾಗಲಿ ಆಮದು ಸುಂಕವಾಗಲಿ ಆಗುತ್ತಿರಲಿಲ್ಲ. 2000ದ 80ನೇ ತಿದ್ದುಪಡಿ ಇದನ್ನು ಬದಲಿಸಿ ಕೇಂದ್ರದ ಬಹುತೇಕ ಎಲ್ಲ ತೆರಿಗೆಗಳನ್ನು ಒಂದೇ ಹಂಚಿಕೆ ನಿಧಿಗೆ ತಂದಿತು. ರಾಜ್ಯಗಳ ಪಾಲು 11ನೇ ಆಯೋಗದ ಕಾಲದಲ್ಲಿ ಶೇ 29.5 ಇದ್ದದ್ದು 12ನೆಯದರಲ್ಲಿ 30.5, 13ನೆಯದರಲ್ಲಿ 32 ಆಯಿತು. ವೈ.ವಿ. ರೆಡ್ಡಿ ಅಧ್ಯಕ್ಷತೆಯ 14ನೇ ಆಯೋಗ ಅದನ್ನು ಒಮ್ಮೆಲೇ 42ಕ್ಕೆ ಏರಿಸಿತು. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೇ ಆಯೋಗ, ಜಮ್ಮು–ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ ಕಾರಣ ಒಂದು ಅಂಶ ಕಳೆದು 41 ಎಂದಿತು.

ಆದರೆ 270ನೇ ವಿಧಿಯಲ್ಲೇ ಎರಡು ಹೊರಗುಳಿಕೆಗಳಿವೆ. 271ನೇ ವಿಧಿಯಡಿ ಹಾಕುವ ಸರ್‌ಚಾರ್ಜ್ ಹಂಚಿಕೆ ನಿಧಿಗೆ ಸೇರುವುದಿಲ್ಲ. ಸಂಸತ್ತು ನಿರ್ದಿಷ್ಟ ಉದ್ದೇಶಕ್ಕೆಂದು ಹಾಕುವ ಸೆಸ್ ಕೂಡ ಸೇರುವುದಿಲ್ಲ. ಪೆಟ್ರೋಲಿನ ₹19.90 ಕರಗಿಹೋದದ್ದು ಈ ಎರಡರಲ್ಲಿ.

ಒಂದು ಲೀಟರ್ ಬಿಡಿಸಿದರೆ

ಆ ₹19.90 ಒಂದೇ ಸುಂಕವಲ್ಲ, ನಾಲ್ಕು ಸುಂಕಗಳ ಮೊತ್ತ:

| ಸುಂಕ | ಲೀಟರಿಗೆ (₹) | ರಾಜ್ಯಗಳೊಂದಿಗೆ ಹಂಚಿಕೆ |
|---|---|---|
| ಮೂಲ ಎಕ್ಸೈಸ್ ಸುಂಕ | 1.40 | ಉಂಟು |
| ವಿಶೇಷ ಹೆಚ್ಚುವರಿ ಎಕ್ಸೈಸ್ ಸುಂಕ | 11.00 | ಇಲ್ಲ |
| ರಸ್ತೆ ಮತ್ತು ಮೂಲಸೌಕರ್ಯ ಸೆಸ್ | 5.00 | ಇಲ್ಲ |
| ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ | 2.50 | ಇಲ್ಲ |
| ಒಟ್ಟು | 19.90 | |

ಹಂಚಿಕೆಗೆ ಬರುವುದು ಮೊದಲ ಸಾಲಿನ ₹1.40 ಮಾತ್ರ. ಅದರ ಶೇ 41 ಎಂದರೆ 57.4 ಪೈಸೆ. ಕರ್ನಾಟಕಕ್ಕೆ 15ನೇ ಆಯೋಗ ನಿಗದಿ ಮಾಡಿದ ಶೇ 3.647ರ ಪ್ರಕಾರ ಅದರಲ್ಲಿ 2.1 ಪೈಸೆ ಬಂತು. ₹19.90ರ ಮೇಲೆ ಲೆಕ್ಕ ಹಾಕಿದರೆ ಎಲ್ಲ ರಾಜ್ಯಗಳ ಪಾಲು ಸೇರಿ ಶೇ 3ನ್ನೂ ಮುಟ್ಟುವುದಿಲ್ಲ.

2021ರ ಫೆಬ್ರುವರಿಯ ಬಜೆಟ್ ಈ ವಿಷಯದಲ್ಲಿ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕಾದ ಘಟನೆ. ಅದಕ್ಕೂ ಮುಂಚೆ ಲೀಟರ್ ಪೆಟ್ರೋಲಿನ ಮೇಲೆ ಮೂಲ ಸುಂಕ ₹2.98, ವಿಶೇಷ ಸುಂಕ ₹12, ರಸ್ತೆ ಸೆಸ್ ₹18 ಸೇರಿ ಒಟ್ಟು ₹32.98 ಇತ್ತು. ಬಜೆಟ್‌ನಲ್ಲಿ ₹2.50ರ ಹೊಸ ಕೃಷಿ ಸೆಸ್ ಬಂತು. ಅದರ ಜೊತೆಗೇ ಮೂಲ ಸುಂಕ ₹1.40ಕ್ಕೂ ವಿಶೇಷ ಸುಂಕ ₹11ಕ್ಕೂ ಇಳಿದವು. ಒಟ್ಟು ₹32.90. ಗ್ರಾಹಕನ ಜೇಬಿನ ಮೇಲೆ ಹೊರೆ ಏರಲಿಲ್ಲ, ಬಂಕಿನ ಫಲಕದ ಬೆಲೆ ಬದಲಾಗಲಿಲ್ಲ, ಹಾಗಾಗಿ ಸುದ್ದಿಯೂ ಹೆಚ್ಚು ಆಗಲಿಲ್ಲ. ಆದರೆ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಿದ್ದ ಭಾಗ ₹2.98ರಿಂದ ₹1.40ಕ್ಕೆ ಇಳಿಯಿತು. ರಾಜ್ಯಗಳ ಪಾಲು ಲೀಟರಿಗೆ ₹1.22ರಿಂದ 57 ಪೈಸೆಗೆ, ಅಂದರೆ ಅರ್ಧಕ್ಕಿಂತ ಕೆಳಗೆ ಬಂತು. ಏಳನೇ ಅನುಸೂಚಿಯ ಒಂದಕ್ಷರವೂ ಬದಲಾಗದೆ, ಹಣಕಾಸು ಆಯೋಗದ 41 ಎಂಬ ಅಂಕಿಯೂ ಹಾಗೇ ಇದ್ದು, ಒಂದು ಬಜೆಟ್ ಮಧ್ಯಾಹ್ನದಲ್ಲಿ ಇದು ನಡೆಯಿತು.

ನಂತರದ ಇಳಿಕೆಗಳನ್ನೂ ಇದೇ ಕಣ್ಣಿನಿಂದ ನೋಡಬೇಕು, ಇಲ್ಲದಿದ್ದರೆ ಲೆಕ್ಕ ಒಂದೇ ಕಡೆ ವಾಲುತ್ತದೆ. 2021ರ ನವೆಂಬರ್‌ನಲ್ಲಿ ₹5, 2022ರ ಮೇ ತಿಂಗಳಲ್ಲಿ ₹8 ಎಕ್ಸೈಸ್ ಕಡಿತವಾದಾಗ ಅದು ಪೂರ್ತಿಯಾಗಿ ರಸ್ತೆ ಸೆಸ್‌ನಿಂದ, ಅಂದರೆ ಕೇಂದ್ರದ ಸ್ವಂತ ಭಾಗದಿಂದ ಹೋಯಿತು. ಆ ಕಡಿತಗಳಿಂದ ಹಂಚಿಕೆ ನಿಧಿಗೆ ನಷ್ಟವಾಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಸುಂಕ ₹2 ಏರಿದಾಗ ಏರಿಕೆಯೂ ವಿಶೇಷ ಸುಂಕದ ಸಾಲಿನಲ್ಲೇ ಆಯಿತು. ಆ ಎರಡು ರೂಪಾಯಿಯಲ್ಲಿ ರಾಜ್ಯಗಳಿಗೆ ಏನೂ ಇಲ್ಲ.

ಹಾಗಾದರೆ ಪೆಟ್ರೋಲಿನಿಂದ ರಾಜ್ಯಕ್ಕೆ ವರಮಾನವೇ ಇಲ್ಲವೇ? ಧಾರಾಳವಾಗಿ ಇದೆ, ಆದರೆ ಅದು ರಾಜ್ಯದ ಸ್ವಂತ ಅಧಿಕಾರದಿಂದ ಬರುವುದು. ಜಿಎಸ್‌ಟಿ ತಂದ 101ನೇ ತಿದ್ದುಪಡಿ ರಾಜ್ಯ ಪಟ್ಟಿಯ 54ನೇ ನಮೂದನ್ನು ಕಿರಿದು ಮಾಡಿತು. ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನ ಇಂಧನ ಮತ್ತು ಕುಡಿಯುವ ಮದ್ಯ, ಇವುಗಳ ಮಾರಾಟ ತೆರಿಗೆ ಮಾತ್ರ ಈಗ ಅಲ್ಲಿ ಉಳಿದಿದೆ. ಕರ್ನಾಟಕ ಸರ್ಕಾರ 2024ರ ಜೂನ್ 15ರಂದು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಬೆಲೆ ₹99.84ರಿಂದ ₹102.84 ಆಯಿತು. ಈ ಎರಡು ಅಂಕಿಗಳಿಂದಲೇ ರಾಜ್ಯದ ತೆರಿಗೆಯನ್ನು ಅಂದಾಜಿಸಬಹುದು. ಶೇ 3.92ರಷ್ಟು ಏರಿಕೆಗೆ ₹3 ಹೆಚ್ಚಿದೆ ಎಂದರೆ ತೆರಿಗೆ ಬೀಳುವ ಮೂಲ ಬೆಲೆ ಸುಮಾರು ₹76.50. ಅದರ ಶೇ 29.84 ಎಂದರೆ ಹತ್ತಿರ ಹತ್ತಿರ ₹22.80.

ಈಗ ಎರಡನ್ನೂ ಪಕ್ಕ ಪಕ್ಕ ಇಡಿ. 2024ರಲ್ಲಿ ಒಂದು ಲೀಟರಿನಿಂದ ಕರ್ನಾಟಕ ತನ್ನ ಸ್ವಂತ ಅಧಿಕಾರ ಬಳಸಿ ಪಡೆದದ್ದು ಸುಮಾರು ₹22.80, ದೆಹಲಿಯ ಮೂಲಕ ಬಂದ ಪಾಲು 2.1 ಪೈಸೆ. ಪೆಟ್ರೋಲ್ ಮತ್ತು ಡೀಸೆಲ್ ಜಿಎಸ್‌ಟಿಗೆ ಬರಲಿ ಎಂಬ ಬೇಡಿಕೆಗೆ ರಾಜ್ಯಗಳು, ಆಡಳಿತದಲ್ಲಿ ಯಾವ ಪಕ್ಷವೇ ಇರಲಿ, ಏಕೆ ಉತ್ಸಾಹ ತೋರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ತಾವೇ ದರ ನಿಗದಿ ಮಾಡಬಹುದಾದ ದೊಡ್ಡ ತೆರಿಗೆಗಳಲ್ಲಿ ಅವುಗಳ ಕೈಯಲ್ಲಿ ಉಳಿದಿರುವುದು ಇಂಧನ, ಮದ್ಯ, ನೋಂದಣಿ ಮತ್ತು ವಾಹನ ತೆರಿಗೆಗಳು ಮಾತ್ರ.

ದೇಶದ ಮಟ್ಟದಲ್ಲಿ ಅದೇ ಲೆಕ್ಕ

ಪೆಟ್ರೋಲ್ ಅತಿರೇಕದ ಉದಾಹರಣೆ ಎಂದು ಯಾರಾದರೂ ಹೇಳಿದರೆ ಅದು ನ್ಯಾಯವಾದ ಆಕ್ಷೇಪ. ಆದಾಯ ತೆರಿಗೆಯಲ್ಲಿ ಪರಿಸ್ಥಿತಿ ಇಷ್ಟು ಬಿಗಿಯಾಗಿಲ್ಲ. ಸಂಬಳದಾರರೊಬ್ಬರ ತೆರಿಗೆ ₹1,00,000 ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಸೇರಿ ಅವರು ಕಟ್ಟುವುದು ₹1,04,000. ಒಂದು ಲಕ್ಷ ಹಂಚಿಕೆ ನಿಧಿಗೆ ಹೋಗುತ್ತದೆ, ನಾಲ್ಕು ಸಾವಿರ ಹೋಗುವುದಿಲ್ಲ. ಆದ್ದರಿಂದ ಇಡೀ ಚಿತ್ರ ತಿಳಿಯಲು ಬಜೆಟ್ ದಾಖಲೆಯ ಎರಡು ಸಾಲುಗಳನ್ನು ನೋಡಬೇಕು: ಕೇಂದ್ರದ ಒಟ್ಟು ತೆರಿಗೆ ಸಂಗ್ರಹ ಮತ್ತು ಅದರಲ್ಲಿ ರಾಜ್ಯಗಳ ಪಾಲು.

2025–26ರ ಬಜೆಟ್ ಅಂದಾಜಿನಲ್ಲಿ ಮೊದಲನೆಯದು ₹42,70,233 ಕೋಟಿ, ಎರಡನೆಯದು ₹14,22,444 ಕೋಟಿ. ಭಾಗಿಸಿದರೆ ಶೇ 33.3. ಹಿಂದಿನ ವರ್ಷ, 2024–25ರ ಬಜೆಟ್ ಅಂದಾಜಿನಲ್ಲಿ ₹38,40,170 ಕೋಟಿಗೆ ₹12,47,211 ಕೋಟಿ, ಅಂದರೆ ಶೇ 32.5. ಕಾಗದದ ಮೇಲೆ 41, ಕೈಗೆ ಬರುವುದು ಸುಮಾರು 33. ನಡುವಿನ ಎಂಟು ಅಂಶದ ಬಹುಪಾಲು ಸೆಸ್ ಮತ್ತು ಸರ್‌ಚಾರ್ಜ್. ತೆರಿಗೆ ವಸೂಲಿಯ ವೆಚ್ಚ, ಹಿಂದಿನ ವರ್ಷಗಳ ಹೊಂದಾಣಿಕೆಗಳೂ ಅದರಲ್ಲಿ ಸೇರುತ್ತವೆ. ಕೇಂದ್ರದ ಒಟ್ಟು ತೆರಿಗೆಯಲ್ಲಿ ಸೆಸ್ ಮತ್ತು ಸರ್‌ಚಾರ್ಜ್ ಪ್ರಮಾಣ 2011–12ರಲ್ಲಿ ಸುಮಾರು ಶೇ 10 ಇತ್ತು, 2020–21ರ ಹೊತ್ತಿಗೆ ಸುಮಾರು ಶೇ 20 ಆಗಿತ್ತು. 14ನೇ ಆಯೋಗ ರಾಜ್ಯಗಳ ಪಾಲನ್ನು 32ರಿಂದ 42ಕ್ಕೆ ಏರಿಸಿದ್ದು ಈ ಎರಡು ವರ್ಷಗಳ ನಡುವೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ವರ್ಷಗಳ ಒಟ್ಟು ಸಂಗ್ರಹದಲ್ಲಿ ಜಿಎಸ್‌ಟಿ ಪರಿಹಾರ ಸೆಸ್ ಕೂಡ ಎಣಿಕೆಯಾಗುತ್ತಿತ್ತು. ಕೋವಿಡ್ ಕಾಲದಲ್ಲಿ ರಾಜ್ಯಗಳ ಜಿಎಸ್‌ಟಿ ಕೊರತೆ ತುಂಬಲು ಕೇಂದ್ರ 2020–21ರಲ್ಲಿ ₹1.10 ಲಕ್ಷ ಕೋಟಿ, 2021–22ರಲ್ಲಿ ₹1.59 ಲಕ್ಷ ಕೋಟಿ ಸಾಲ ಎತ್ತಿ ರಾಜ್ಯಗಳಿಗೆ ಕೊಟ್ಟಿತು. 2022ರ ನಂತರ ಆ ಸೆಸ್ ಬಳಕೆಯಾದದ್ದು ಮುಖ್ಯವಾಗಿ ಆ ಸಾಲ ತೀರಿಸಲು. ಅದನ್ನೂ ಕೇಂದ್ರ ನುಂಗಿತು ಎಂದು ಬರೆದರೆ ತಪ್ಪಾಗುತ್ತದೆ. ಹಾಗೆಯೇ ರಸ್ತೆ ಸೆಸ್ಸಿನ ಹಣದಲ್ಲಿ ಹೆದ್ದಾರಿಗಳು ಆಗಿವೆ, ಅವುಗಳಲ್ಲಿ ಕೆಲವು ನಮ್ಮ ರಾಜ್ಯದಲ್ಲೇ ಇವೆ. ತಕರಾರು ಇರುವುದು ಹಣ ಎಲ್ಲಿ ಖರ್ಚಾಯಿತು ಎಂಬುದಕ್ಕಿಂತ ಯಾವ ಖರ್ಚು ಎಂದು ತೀರ್ಮಾನಿಸಿದವರು ಯಾರು ಎಂಬುದರಲ್ಲಿ. ಹಂಚಿಕೆ ನಿಧಿಯ ಪಾಲು ಬಂದರೆ ಅದನ್ನು ಶಾಲೆಗೆ ಹಾಕಬೇಕೋ ಕೆರೆಗೆ ಹಾಕಬೇಕೋ ಎಂದು ವಿಧಾನಸಭೆ ನಿರ್ಧರಿಸುತ್ತದೆ. ಸೆಸ್ ಮೂಲಕ ಬಂದರೆ ಯೋಜನೆ, ಶರತ್ತು, ಆದ್ಯತೆ ಎಲ್ಲವೂ ದೆಹಲಿಯಲ್ಲಿ ತಯಾರಾಗುತ್ತವೆ.

ಸೆಸ್ ಎಂದರೆ ಹೇಳಿದ ಉದ್ದೇಶಕ್ಕೇ ಬಳಸಬೇಕಾದ ಹಣ. ಅಲ್ಲೂ ಲೋಪ ದಾಖಲಾಗಿದೆ. 2018–19ರ ಕೇಂದ್ರದ ಲೆಕ್ಕಪತ್ರಗಳ ಮೇಲಿನ ವರದಿಯಲ್ಲಿ ಸಿಎಜಿ ಹೇಳಿದ್ದು ಇದು: ಆ ವರ್ಷ 35 ಸೆಸ್‌ಗಳಿಂದ ಬಂದ ₹2,74,592 ಕೋಟಿಯಲ್ಲಿ ಅವುಗಳಿಗೆಂದೇ ಇರುವ ಮೀಸಲು ನಿಧಿಗಳಿಗೆ ವರ್ಗವಾದದ್ದು ₹1,64,322 ಕೋಟಿ. ಶೇ 60ರಷ್ಟು. ಉಳಿದದ್ದು ಸಂಚಿತ ನಿಧಿಯಲ್ಲೇ ಉಳಿಯಿತು. ಉದ್ದೇಶದ ಹೆಸರಲ್ಲಿ ಹಂಚಿಕೆಯಿಂದ ಹೊರಗಿಟ್ಟ ಹಣ ಆ ಉದ್ದೇಶದ ನಿಧಿಗೂ ಪೂರ್ತಿ ಸೇರದಿದ್ದರೆ ಅದನ್ನು ಹೊರಗಿಡಲು ಕೊಟ್ಟ ಕಾರಣವೇ ಸಡಿಲವಾಗುತ್ತದೆ. ಒಂದು ಸೆಸ್ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಅದರ ವಾರ್ಷಿಕ ಸಂಗ್ರಹ ಮತ್ತು ಅದರ ನಿಧಿಗೆ ಆದ ವರ್ಗಾವಣೆ, ಈ ಎರಡು ಅಂಕಿಗಳನ್ನು ಜೋಡಿಸಿ ನೋಡಬೇಕು.

3.647 ಎಲ್ಲಿಂದ ಬಂತು

ರಾಜ್ಯಗಳಿಗೆಲ್ಲ ಸೇರಿ ಎಷ್ಟು ಎಂಬುದು ಮೊದಲ ಹಂತ. ಯಾವ ರಾಜ್ಯಕ್ಕೆ ಎಷ್ಟು ಎಂಬುದು ಎರಡನೆಯದು. 14ನೇ ಆಯೋಗದ ಅವಧಿಯಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. 15ನೇ ಆಯೋಗದ 2021–26ರ ಅವಧಿಗೆ ಅದು 3.647ಕ್ಕೆ ಇಳಿಯಿತು. ಇಳಿಕೆ 1.066 ಅಂಶ ಎಂದರೆ ಚಿಕ್ಕದೆನಿಸುತ್ತದೆ. 2025–26ರ ₹14,22,444 ಕೋಟಿಯ ಮೇಲೆ ಅದು ₹15,163 ಕೋಟಿ. ಆ ವರ್ಷದ ಕರ್ನಾಟಕ ಬಜೆಟ್ ಗಾತ್ರ ₹4,09,549 ಕೋಟಿ. ಅದರ ಶೇ 3.7ರಷ್ಟು ಹಣ ಒಂದು ಸೂತ್ರದ ಬದಲಾವಣೆಯಿಂದ ಆಚೆ ಈಚೆ ಆಯಿತು.

15ನೇ ಆಯೋಗದ ಸೂತ್ರದಲ್ಲಿ ಆರು ಮಾನದಂಡಗಳಿದ್ದವು: ಆದಾಯದ ಅಂತರಕ್ಕೆ 45, 2011ರ ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯಾ ನಿಯಂತ್ರಣದ ಸಾಧನೆಗೆ 12.5, ಅರಣ್ಯ ಮತ್ತು ಪರಿಸರಕ್ಕೆ 10, ತೆರಿಗೆ ವಸೂಲಿಯ ಶ್ರಮಕ್ಕೆ 2.5. ಇವುಗಳಲ್ಲಿ ಆದಾಯದ ಅಂತರ ಎಂಬುದೊಂದನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಕರ್ನಾಟಕದ ಕಥೆಯ ಮುಖ್ಯ ಭಾಗ ತಿಳಿಯುತ್ತದೆ.

ತರಗತಿಯಲ್ಲಿ ಲೆಕ್ಕ ಮಾಡಲು ಸುಲಭವಾಗುವಂತೆ ಎರಡು ಕಾಲ್ಪನಿಕ ರಾಜ್ಯಗಳನ್ನು ತೆಗೆದುಕೊಳ್ಳೋಣ. ದೇಶದಲ್ಲಿ ಮೇಲ್ಮಟ್ಟದ ತಲಾ ಆದಾಯ ₹2.5 ಲಕ್ಷ ಎಂದಿರಲಿ. ‘ಅ’ ರಾಜ್ಯದ ತಲಾ ಆದಾಯ ₹2 ಲಕ್ಷ, ಜನಸಂಖ್ಯೆ 6 ಕೋಟಿ. ಮೇಲಿನಿಂದ ಅದರ ಅಂತರ 0.5, ಜನಸಂಖ್ಯೆಯಿಂದ ಗುಣಿಸಿದರೆ 3. ‘ಬ’ ರಾಜ್ಯದ ತಲಾ ಆದಾಯ ₹75 ಸಾವಿರ, ಜನಸಂಖ್ಯೆ 10 ಕೋಟಿ. ಅಂತರ 1.75, ಗುಣಿಸಿದರೆ 17.5. ಒಟ್ಟು 20.5ರಲ್ಲಿ ‘ಅ’ಗೆ ಶೇ 14.6, ‘ಬ’ಗೆ ಶೇ 85.4. ಜನಸಂಖ್ಯೆಯ ಲೆಕ್ಕದಲ್ಲಿ ಮಾತ್ರ ಹಂಚಿದ್ದರೆ ‘ಅ’ಗೆ ಶೇ 37.5 ಸಿಗುತ್ತಿತ್ತು. ಇನ್ನು ಐದು ವರ್ಷದಲ್ಲಿ ‘ಅ’ದ ತಲಾ ಆದಾಯ ₹2.25 ಲಕ್ಷಕ್ಕೆ ಏರಿ ಉಳಿದದ್ದೆಲ್ಲ ಹಾಗೇ ಇದ್ದರೆ ಅದರ ಅಂತರ ಅರ್ಧವಾಗುತ್ತದೆ, ಪಾಲು ಶೇ 8ಕ್ಕಿಂತ ಕೆಳಗೆ ಬೀಳುತ್ತದೆ. ಆದಾಯ ಏರಿದ್ದು ಶೇ 12.5, ಪಾಲು ಇಳಿದದ್ದು ಹೆಚ್ಚುಕಡಿಮೆ ಅರ್ಧ. ಮೇಲಿನ ಅಂಚಿಗೆ ಹತ್ತಿರವಾದಂತೆ ಸೂತ್ರ ಹೀಗೆ ಚುರುಕಾಗಿ ಕಡಿಯುತ್ತದೆ.

ಕರ್ನಾಟಕಕ್ಕೆ ಆದದ್ದು ಹೆಚ್ಚುಕಡಿಮೆ ಇದೇ. ಬೆಂಗಳೂರಿನ ಸಾಫ್ಟ್‌ವೇರ್ ವರಮಾನ ರಾಜ್ಯದ ಸರಾಸರಿಯನ್ನು ಎತ್ತಿತು. ಸರಾಸರಿ ಎಂಬ ಅಂಕಿಗೆ ಕಲಬುರಗಿ, ಯಾದಗಿರಿ ಬೇರೆಯಾಗಿ ಕಾಣುವುದಿಲ್ಲ. ರಾಜ್ಯದೊಳಗಿನ ಅಂತರವನ್ನು ಅಳೆಯುವ ಯಾವ ಮಾನದಂಡವೂ ಆ ಆರರಲ್ಲಿ ಇರಲಿಲ್ಲ. ಸಾಧನೆಗಾಗಿ ಇಟ್ಟ 12.5 ಅಂಕ ದಕ್ಷಿಣದ ರಾಜ್ಯಗಳಿಗೆ ನೆರವಾಯಿತು, ಆದರೆ 45ರ ಮುಂದೆ ಅದರ ಬಲ ಕಡಿಮೆ. ಕೇರಳದ ಪಾಲೂ 2.5ರಿಂದ 1.925ಕ್ಕೆ ಇಳಿಯಿತು. ತಮಿಳುನಾಡಿನದು ಮಾತ್ರ 4.023ರಿಂದ 4.079ಕ್ಕೆ ತುಸು ಏರಿತು. ಆದ್ದರಿಂದ ಇಡೀ ದಕ್ಷಿಣಕ್ಕೆ ಒಂದೇ ಪ್ರಮಾಣದ ಹೊಡೆತ ಬಿತ್ತು ಎಂದು ಹೇಳಲು ಬರುವುದಿಲ್ಲ.

ಇಳಿಕೆ ದಿಢೀರನೆ ಆದದ್ದನ್ನು ಆಯೋಗವೇ ಗಮನಿಸಿತ್ತು. 2020–21ರ ವರದಿಯಲ್ಲಿ, ಹಿಂದಿನ ವರ್ಷಕ್ಕಿಂತ ಕಡಿಮೆ ಹಣ ಪಡೆಯಲಿದ್ದ ಮೂರು ರಾಜ್ಯಗಳಿಗೆ ₹6,764 ಕೋಟಿ ವಿಶೇಷ ಅನುದಾನ ಶಿಫಾರಸು ಮಾಡಿತು: ಕರ್ನಾಟಕಕ್ಕೆ ₹5,495 ಕೋಟಿ, ತೆಲಂಗಾಣಕ್ಕೆ ₹723 ಕೋಟಿ, ಮಿಜೋರಾಂಗೆ ₹546 ಕೋಟಿ. ಕೇಂದ್ರ ಅದನ್ನು ಒಪ್ಪಿಕೊಳ್ಳಲಿಲ್ಲ. ಹಣಕಾಸು ಆಯೋಗ ಸಂವಿಧಾನಬದ್ಧ ಸಂಸ್ಥೆಯಾದರೂ ಅದು ಕೊಡುವುದು ಶಿಫಾರಸು ಮಾತ್ರ. ತೆರಿಗೆ ಪಾಲಿನ ಪ್ರಮಾಣವನ್ನು ಸಂಪ್ರದಾಯವಾಗಿ ಒಪ್ಪಿಕೊಂಡು ಬರಲಾಗಿದೆ, ಅನುದಾನದ ಶಿಫಾರಸುಗಳಿಗೆ ಆ ಭದ್ರತೆ ಇಲ್ಲ ಎಂಬುದು ಆ ₹5,495 ಕೋಟಿಯಿಂದ ತಿಳಿಯುತ್ತದೆ.

ಕರ್ನಾಟಕದಿಂದ ಇಷ್ಟು ಹೋಗುತ್ತದೆ, ಇಷ್ಟೇ ವಾಪಸ್ ಬರುತ್ತದೆ ಎಂಬ ಹೋಲಿಕೆ ರಾಜಕೀಯ ವೇದಿಕೆಗಳಲ್ಲಿ ಆಗಾಗ ಕೇಳುತ್ತದೆ. ವಾಪಸ್ ಬರುವ ಅಂಕಿ ಗಟ್ಟಿ: 2025–26ಕ್ಕೆ ತೆರಿಗೆ ಪಾಲು ₹51,877 ಕೋಟಿ, ಅನುದಾನ ಸುಮಾರು ₹16,000 ಕೋಟಿ ಎಂದು ರಾಜ್ಯದ ಬಜೆಟ್ ಅಂದಾಜಿಸಿತ್ತು. ಅದೇ ಬಜೆಟ್‌ನಲ್ಲಿ ರಾಜ್ಯದ ಸ್ವಂತ ತೆರಿಗೆ ₹2,08,100 ಕೋಟಿ. ‘ಹೋಗುವ’ ಅಂಕಿಯನ್ನು ಬಳಸುವಾಗ ಹುಷಾರಾಗಿರಬೇಕು. ಬೆಂಗಳೂರಿನಲ್ಲಿ ನೋಂದಣಿಯಾದ ಕಂಪನಿ ಬಿಹಾರದಲ್ಲಿ ಮಾರಿ ಗಳಿಸಿದ ಲಾಭದ ತೆರಿಗೆಯೂ ಬೆಂಗಳೂರಿನ ಲೆಕ್ಕದಲ್ಲೇ ಕಾಣುತ್ತದೆ. ಕರ್ನಾಟಕದಲ್ಲಿ ಕಾರ್ಖಾನೆ ಇಟ್ಟು ಮುಂಬೈಯಲ್ಲಿ ಕಚೇರಿ ಇಟ್ಟವರ ತೆರಿಗೆ ಮಹಾರಾಷ್ಟ್ರದ್ದಾಗಿ ಕಾಣುತ್ತದೆ. ಬಡ ರಾಜ್ಯದ ಮಗುವಿಗೂ ಶಾಲೆ, ಆಸ್ಪತ್ರೆ ಸಿಗುವಂತೆ ಶ್ರೀಮಂತ ರಾಜ್ಯದ ತೆರಿಗೆಯ ಒಂದು ಪಾಲು ಅಲ್ಲಿಗೆ ಹೋಗುವುದು ಒಕ್ಕೂಟದ ಧರ್ಮವೇ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬಿಹಾರಕ್ಕೂ ಕರ್ನಾಟಕಕ್ಕೂ ನಡುವೆ ಜಗಳ ಹಚ್ಚುವ ಈ ಹೋಲಿಕೆಯಲ್ಲಿ ಸೆಸ್ ವಿಷಯ ಮರೆಯಾಗುತ್ತದೆ. 15ನೇ ಆಯೋಗದ ಅವಧಿಯಲ್ಲಿ ಹಂಚಿಕೆ ನಿಧಿ ಕುಗ್ಗಿದಾಗ ಶೇ 10.058 ಪಾಲು ಪಡೆಯುತ್ತಿದ್ದ ಬಿಹಾರ ಕಳೆದುಕೊಂಡದ್ದು ಕರ್ನಾಟಕಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು.

ಮತದ ತೂಕ, ತಿದ್ದುಪಡಿಯ ಬೀಗ

2017ರ ಜುಲೈ 1ರಿಂದ ಮಾರಾಟ ತೆರಿಗೆಯ ದೊಡ್ಡ ಭಾಗ ಜಿಎಸ್‌ಟಿಗೆ ಹೋಯಿತು. ಅದರ ದರ ನಿರ್ಧಾರವಾಗುವುದು 279ಎ ವಿಧಿಯಡಿಯ ಜಿಎಸ್‌ಟಿ ಮಂಡಳಿಯಲ್ಲಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳ ಮತಕ್ಕೆ ಒಟ್ಟಾಗಿ ಮೂರನೇ ಎರಡು ತೂಕ. ನಿರ್ಣಯಕ್ಕೆ ಹಾಜರಿದ್ದು ಮತ ಹಾಕಿದವರ ತೂಕದಲ್ಲಿ ನಾಲ್ಕನೇ ಮೂರು ಭಾಗ ಬೇಕು.

28 ರಾಜ್ಯಗಳು ಮತ್ತು ವಿಧಾನಸಭೆಯುಳ್ಳ ದೆಹಲಿ, ಪುದುಚೇರಿ, ಜಮ್ಮು–ಕಾಶ್ಮೀರ ಸೇರಿ 31 ಸದಸ್ಯರು. 66.67ನ್ನು 31ರಿಂದ ಭಾಗಿಸಿದರೆ ಒಬ್ಬೊಬ್ಬರ ತೂಕ 2.15. ಉತ್ತರ ಪ್ರದೇಶಕ್ಕೂ ಸಿಕ್ಕಿಂಗೂ ಒಂದೇ ತೂಕ. 31 ಸದಸ್ಯರೂ ಒಂದಾದರೂ ಒಟ್ಟು 66.67 ಆಗುತ್ತದೆಯೇ ಹೊರತು 75 ಮುಟ್ಟುವುದಿಲ್ಲ. ಅಂದರೆ ಕೇಂದ್ರ ಬೇಡವೆಂದರೆ ಏನೂ ಆಗದು. ಕೇಂದ್ರಕ್ಕೆ ತನ್ನ ಪ್ರಸ್ತಾವ ಗೆಲ್ಲಿಸಲು ಇನ್ನೂ 41.67 ಬೇಕು, ಅಂದರೆ 20 ರಾಜ್ಯಗಳು. ತಡೆಯಬೇಕೆಂದರೆ 12 ರಾಜ್ಯಗಳು ಒಟ್ಟಾಗಬೇಕು. ಮಂಡಳಿಯಲ್ಲಿ ಹೆಚ್ಚಿನ ತೀರ್ಮಾನಗಳು ಒಮ್ಮತದಿಂದ ಆಗಿವೆ. ಮೊದಲ ಬಾರಿ ಮತಕ್ಕೆ ಹೋದದ್ದು 2019ರ ಡಿಸೆಂಬರ್‌ನಲ್ಲಿ, ಲಾಟರಿ ತೆರಿಗೆಯ ಪ್ರಶ್ನೆಯಲ್ಲಿ. ಮಂಡಳಿಯ ಶಿಫಾರಸುಗಳಿಗೆ ಮನವೊಲಿಸುವ ಬಲವಿದೆ, ಅವು ಸಂಸತ್ತನ್ನೂ ವಿಧಾನಸಭೆಗಳನ್ನೂ ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರ ಮೋಹಿತ್ ಮಿನರಲ್ಸ್ ತೀರ್ಪಿನಲ್ಲಿ ಹೇಳಿತು. ಆದರೆ ದೇಶಕ್ಕೆಲ್ಲ ಒಂದೇ ತೆರಿಗೆ ಜಾಲ ಇರುವಾಗ ಒಂದು ರಾಜ್ಯ ಒಂಟಿಯಾಗಿ ಬೇರೆ ದರ ಹಾಕುವುದು ವ್ಯವಹಾರದಲ್ಲಿ ಕಷ್ಟ.

ನ್ಯಾಯಾಲಯದಿಂದ ರಾಜ್ಯಗಳ ತೆರಿಗೆ ಅಧಿಕಾರ ಹಿಗ್ಗಿದ್ದೂ ಇದೆ. 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಗಣಿ ರಾಜಧನ ತೆರಿಗೆಯಲ್ಲ, ರಾಜ್ಯ ಪಟ್ಟಿಯ 50ನೇ ನಮೂದಿನಡಿ ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು 8–1ರ ಬಹುಮತದಲ್ಲಿ ತೀರ್ಪು ಕೊಟ್ಟಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕಬ್ಬಿಣದ ಅದಿರು ಇರುವ ಕರ್ನಾಟಕಕ್ಕೆ ಈ ತೀರ್ಪು ನೇರವಾಗಿ ತಟ್ಟುತ್ತದೆ.

ಸೆಸ್ ವಿಷಯದಲ್ಲಿ ರಾಜ್ಯಗಳ ಮುಂದಿರುವ ದಾರಿ ಇಷ್ಟು ಸುಲಭದ್ದಲ್ಲ. ಅದಕ್ಕೆ ಮಿತಿ ಹಾಕಬೇಕು ಅಥವಾ ಒಂದು ಪ್ರಮಾಣ ಮೀರಿದ ಸೆಸ್ ಹಂಚಿಕೆ ನಿಧಿಗೆ ಸೇರಬೇಕು ಎಂಬುದು ಹಲವು ರಾಜ್ಯಗಳ ಹಳೆಯ ಬೇಡಿಕೆ. ಅದಕ್ಕೆ 270 ಮತ್ತು 271ನೇ ವಿಧಿಗಳ ತಿದ್ದುಪಡಿ ಬೇಕು. ಇಲ್ಲಿ 368ನೇ ವಿಧಿಯನ್ನು ತೆರೆದು ಅದರ ಪರಂತುಕವನ್ನು ಓದಬೇಕು. ಏಳನೇ ಅನುಸೂಚಿಯ ಯಾವ ಪಟ್ಟಿಯನ್ನು ಮುಟ್ಟಿದರೂ, ಜಿಎಸ್‌ಟಿ ಮಂಡಳಿಯ 279ಎ ವಿಧಿಯನ್ನು ಮುಟ್ಟಿದರೂ, ಸಂಸತ್ತಿನ ಮೂರನೇ ಎರಡರ ಬಹುಮತದ ಮೇಲೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳ ಒಪ್ಪಿಗೆ ಬೇಕು ಎಂದು ಅದು ಹೇಳುತ್ತದೆ. ಆ ಪಟ್ಟಿಯಲ್ಲಿ 270 ಇಲ್ಲ, 271 ಇಲ್ಲ, ಹಣಕಾಸು ಆಯೋಗದ 280 ಕೂಡ ಇಲ್ಲ. ತೆರಿಗೆ ಹಾಕುವ ಅಧಿಕಾರದ ಗಡಿಗೆ ರಾಜ್ಯಗಳ ಕಾವಲಿದೆ, ಬಂದ ಹಣ ಹಂಚುವ ನಿಯಮಕ್ಕೆ ಇಲ್ಲ. ಅದನ್ನು ಬದಲಿಸಲು ಸಂಸತ್ತೊಂದೇ ಸಾಕು. ಹೊಸ ಸೆಸ್ ಹಾಕಲೋ ಮೂಲ ಸುಂಕವನ್ನು ₹2.98ರಿಂದ ₹1.40ಕ್ಕೆ ಇಳಿಸಲೋ ಸಂವಿಧಾನ ತಿದ್ದುಪಡಿಯೂ ಬೇಡ, ಸಂಸತ್ತಿನಲ್ಲಿ ಸರಳ ಬಹುಮತದಿಂದ ಅಂಗೀಕಾರವಾಗುವ ವಾರ್ಷಿಕ ಹಣಕಾಸು ಮಸೂದೆ ಸಾಕು. ಆ ಮಸೂದೆ ಧನ ಮಸೂದೆಯಾಗಿ ಬರುವುದರಿಂದ, ರಾಜ್ಯಗಳ ಪ್ರತಿನಿಧಿಗಳು ಕೂರುವ ರಾಜ್ಯಸಭೆ ಅದಕ್ಕೆ ಸಲಹೆ ಕೊಡಬಹುದು, ಗರಿಷ್ಠ 14 ದಿನ ಇಟ್ಟುಕೊಳ್ಳಬಹುದು, ತಿರಸ್ಕರಿಸಲು ಬರುವುದಿಲ್ಲ.